ಬಚ್ಚಲಮನೆಯ ಹೊಸ್ತಿಲಲ್ಲಿ ತೆಗೆದ ಫೋಟೋಗಳು

ವಿಷಯವು ಮೂತ್ರಕ್ಕೆ ಸಂಬಂಧಿಸಿದ್ದಾಗಿದ್ದು, ಓದುಗರು ಅನ್ಯಥಾ ಭಾವಿಸಬಾರದಾಗಿ ಮೊದಲಿಗೇ ಕೋರುತ್ತೇನೆ. ಇದನ್ನು ಬೇರೆ ಹೆಸರಿನಿಂದ ಕರೆದು ಬರೆಯಲು ಪ್ರಯತ್ನಿಸಿ ನೋಡಿದೆ. ಯಾವ ಹೆಸರಿನಿಂದ ಕರೆದರೂ ಕೊನೆಗೆ ಒಂದು ಸಣ್ಣ ಕಾಗದದ ಲೋಟ, ಅದರಲ್ಲಿ ಅದ್ದಿ ತೆಗೆದ ಒಂದು ಸ್ಟ್ರಿಪ್ ಮತ್ತು ಅದರ ತುದಿಯ ಬಣ್ಣ, ಇಷ್ಟೇ ಉಳಿಯುತ್ತವೆ. ಆದ್ದರಿಂದ ಇದ್ದುದನ್ನು ಇದ್ದ ಹಾಗೆಯೇ ನಿವೇದಿಸಿಕೊಳ್ಳುತ್ತಿದ್ದೇನೆ.

ಆಗ ನಾವು ಅಮೆರಿಕೆಯ ಲಾರೆನ್ಸ್‌ವಿಲ್‌ನಲ್ಲಿ ವಾಸವಾಗಿದ್ದೆವು. ನಾನು ಮೈಸೂರಿನವಳು, ನನ್ನ ಗಂಡನ ಮನೆಯವರು ಧಾರವಾಡದವರು. ಆ ವರ್ಷ ಅತ್ತೆ ಮಾವ ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದರು. ಬಂದ ಕೆಲವೇ ವಾರಗಳಲ್ಲಿ ಮಾವನವರಿಗೆ ಸೊಂಟದ ಬದಿಯಲ್ಲಿ ತಡೆಯಲಾರದ ನೋವು ಕಾಣಿಸಿಕೊಂಡು, ಪರೀಕ್ಷೆಯಲ್ಲಿ ಮೂತ್ರಪಿಂಡದಲ್ಲಿ ಕಲ್ಲು ಇರುವುದು ತಿಳಿದುಬಂತು. ಅದು ಯೂರಿಕ್ ಆಮ್ಲದ ಕಲ್ಲು. ಈ ಬಗೆಯ ಕಲ್ಲನ್ನು ಕೆಲವೊಮ್ಮೆ ಒಡೆಯದೆಯೇ ಕರಗಿಸಬಹುದೆಂದು ಡಾಕ್ಟರು ವಿವರಿಸಿದರು. ಮೂತ್ರದ ಆಮ್ಲೀಯತೆ ತಗ್ಗಬೇಕು, ಅದಕ್ಕಾಗಿ ಪೊಟ್ಯಾಸಿಯಂ ಸಿಟ್ರೇಟ್ ಮಾತ್ರೆ, ಧಾರಾಳವಾಗಿ ನೀರು, ಜೊತೆಗೆ ದಿನವೂ ಬೆಳಿಗ್ಗೆ ಮತ್ತು ಸಂಜೆ ಸ್ಟ್ರಿಪ್‌ನಿಂದ ಪಿಎಚ್ ನೋಡಿಕೊಳ್ಳುವುದು; ಆಮ್ಲ ಹೆಚ್ಚಿದಷ್ಟೂ ಈ ಅಂಕಿ ಇಳಿಯುತ್ತದೆ. ಪಿಎಚ್ ಆರೂವರೆಯ ಆಸುಪಾಸಿನಲ್ಲಿದ್ದರೆ ಸರಿ. ಐದು, ಐದೂವರೆಯಲ್ಲೇ ನಿಂತರೆ ಕಲ್ಲು ಕರಗುವುದಿಲ್ಲ, ಮಾತ್ರೆಯ ಪ್ರಮಾಣ ಹೆಚ್ಚಿಸುವ ಯೋಚನೆ ಮಾಡಬೇಕಾಗುತ್ತದೆ. ಆದರೆ ಮಾವನವರು ರಕ್ತದೊತ್ತಡಕ್ಕೆ ತೆಗೆದುಕೊಳ್ಳುತ್ತಿದ್ದ ಮಾತ್ರೆಯೇ ದೇಹದಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುವಂಥದ್ದಾಗಿದ್ದ ಕಾರಣ, ಹೆಚ್ಚಿಸುವುದಾದರೆ ಬಹಳ ಎಚ್ಚರಿಕೆ ಬೇಕು, ಪೊಟ್ಯಾಸಿಯಂ ಅತಿಯಾದರೆ ಹೃದಯಕ್ಕೆ ತೊಂದರೆ ಎಂದೂ ಡಾಕ್ಟರು ಸ್ಪಷ್ಟಪಡಿಸಿದ್ದರು.

ಈ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ಕುಳಿತಿತ್ತು. ಬೇರೆ ರಾಜ್ಯದ ಡರ್ಹಮ್‌ನಲ್ಲಿದ್ದ ನನ್ನ ನಾದಿನಿಯ ಮನಸ್ಸಿನಲ್ಲಿ ಮಾತ್ರ ಐದೂವರೆ ಎಂಬ ಅಂಕಿ ಕುಳಿತಿತ್ತು.

ಸದರಿ ನಾದಿನಿ ಒಂದು ಸಂಶೋಧನಾ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಳು. ತಂದೆಯ ಮೇಲೆ ಅಪಾರ ಪ್ರೀತಿ, ತಂದೆಯ ಮಾತಿನ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲ. ಸ್ಟ್ರಿಪ್‌ನ ಬಣ್ಣವನ್ನು ಬಾಯಲ್ಲಿ ಹೇಳಿದರೆ ಸಾಲದು, ಫೋಟೋ ತೆಗೆದು ಮನೆಯವರ ಫೋನ್ ಗುಂಪಿಗೆ ಹಾಕತಕ್ಕದ್ದು ಎಂದು ಅವಳೇ ನಿಯಮ ಮಾಡಿದಳು. ಫೋಟೋದಲ್ಲಿ ಸ್ಟ್ರಿಪ್ ಒಂದೇ ಇರಕೂಡದು. ಬಾಟಲಿಯ ಮೇಲೆ ಮುದ್ರಿಸಿದ ಬಣ್ಣದ ಚಾರ್ಟ್ ಕೂಡ ಇರಬೇಕು. ಬೆಳಕು ಹೇಗೇ ಇರಲಿ, ಅದು ಎರಡರ ಬಣ್ಣವನ್ನೂ ಒಂದೇ ರೀತಿಯಲ್ಲಿ ಬದಲಾಯಿಸುವುದರಿಂದ ಹೋಲಿಕೆ ಕೆಡುವುದಿಲ್ಲ ಎಂಬುದು ಅವಳ ವಾದ. ವಾದದಲ್ಲಿ ತಪ್ಪಿರಲಿಲ್ಲ. ನಮ್ಮ ಮನೆಯ ಬಚ್ಚಲಮನೆ ಹೇಗಿತ್ತು ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಅತ್ತೆಯವರು ಏನು ತೀರ್ಮಾನಿಸಿದ್ದರೆಂಬುದೂ ಗೊತ್ತಿರಲಿಲ್ಲ.

ಅತ್ತೆಯವರ ತೀರ್ಮಾನ ಮಡಿಗೆ ಸಂಬಂಧಿಸಿದ್ದು. ಸ್ಟ್ರಿಪ್‌ಗಳ ಬಾಟಲಿಯನ್ನು ದಿನವೂ ಕೈಯಲ್ಲಿ ಮುಟ್ಟಬೇಕಾಗುತ್ತದೆ. ಅದು ಬಚ್ಚಲಿಗೆ ಹೊಂದಿಕೊಂಡಂತಿದ್ದ ಅವರ ಮಲಗುವ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ, ಅವರ ಜಪಮಾಲೆಯ ಡಬ್ಬಿಗೆ ಒಂದು ಮೊಳದ ಅಂತರದಲ್ಲಿ ಇರುತ್ತದೆ. ಆದ್ದರಿಂದ ಬಾಟಲಿ ಬಚ್ಚಲಮನೆಯ ಒಳಗೆ ಹೋಗಕೂಡದು. ಅದೇ ರೀತಿ, ಲೋಟದಲ್ಲಿ ಅದ್ದಿದ ಸ್ಟ್ರಿಪ್ ಬಚ್ಚಲಮನೆಯಿಂದ ಹೊರಗೆ ಬರಕೂಡದು. ಎರಡೂ ಪಕ್ಷಗಳಿಗೆ ಹೊಸ್ತಿಲೇ ಗಡಿ. ಒಳಗೆ, ಬಾಗಿಲಿಗೆ ತಾಗಿಕೊಂಡಂತಿದ್ದ ಸಿಂಕಿನ ಕಟ್ಟೆಯ ಮೇಲೆ ಟಿಶ್ಯೂ ಹಾಸಿ, ಅದರ ಮೇಲೆ ಸ್ಟ್ರಿಪ್. ಹೊರಗೆ, ಒಂದು ಸ್ಟೂಲಿನ ಮೇಲೆ ಬಾಟಲಿ. ಸ್ಟೂಲಿಗೂ ಬಾಟಲಿಗೂ ನಡುವೆ ಅದೇ ಸುರುಳಿಯಿಂದ ಹರಿದ ಇನ್ನೊಂದು ಟಿಶ್ಯೂ, ಏಕೆಂದರೆ ಹೊಸ್ತಿಲಿನ ಹತ್ತಿರ ಇಟ್ಟದ್ದು ಹೊಸ್ತಿಲಿನ ಹತ್ತಿರ ಇಟ್ಟದ್ದೇ. ಮಾವನವರು ಹೊಸ್ತಿಲಿನಲ್ಲಿ ನಿಂತು, ಎರಡೂ ಕಾಣುವಂತೆ ಫೋನನ್ನು ಓರೆಯಾಗಿ ಹಿಡಿದು, ಕಾಯಬೇಕೆಂದು ಹೇಳಿದಷ್ಟು ಸೆಕೆಂಡುಗಳು ಮುಗಿಯುತ್ತಲೇ ಫೋಟೋ ತೆಗೆಯುತ್ತಿದ್ದರು. ತಡಮಾಡಿದರೆ ಸ್ಟ್ರಿಪ್ ಒಣಗಿ ಬಣ್ಣ ಬೇರೆಯಾಗುತ್ತದೆಂದು ಬಾಟಲಿಯ ಮೇಲೆಯೇ ಬರೆದಿತ್ತು. ಆ ವಿಷಯದಲ್ಲಿ ಅವರು ಎಂದೂ ತಪ್ಪಿದವರಲ್ಲ.

ಎರಡು ಮೂರು ವಾರ ಕಳೆಯುವಷ್ಟರಲ್ಲಿ ಫೋಟೋಗಳಲ್ಲಿ ಒಂದು ವಿಚಿತ್ರ ಕ್ರಮ ಕಾಣತೊಡಗಿತು. ಸಂಜೆಯ ಫೋಟೋಗಳಲ್ಲಿ ಸ್ಟ್ರಿಪ್‌ನ ತುದಿ ಚಾರ್ಟಿನ ಆರೂವರೆಯ ಚೌಕಕ್ಕೆ, ಅಂದರೆ ತೆಳು ಹಸಿರಿಗೆ, ಹೊಂದುತ್ತಿತ್ತು. ಬೆಳಗಿನ ಫೋಟೋಗಳಲ್ಲಿ ಅದು ಹಳದಿ. ನೋಡಿದಷ್ಟೂ ಕಿತ್ತಳೆಗೆ ವಾಲಿದ ಹಳದಿ. ಐದೂವರೆಗಿಂತ ಮೇಲೆಂದು ಹೇಳಲು ಯಾರಿಗೂ ಧೈರ್ಯವಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಕಚೇರಿಯಲ್ಲಿ ಊಟಕ್ಕೆ ಕುಳಿತಿದ್ದಾಗ ನಾದಿನಿಯ ಕರೆ ಬಂತು.

"ವೈನಿ, ರಾತ್ರಿ ಮಾತ್ರಿ ಯಾರು ಕೊಡ್ತಾರ ಅಪ್ಪಗ?"

"ಅತ್ತೆ ಕೊಡ್ತಾರೆ. ಮೇಲೆ ತಗೊಂಡು ಹೋಗ್ತಾರೆ, ಹಾಲಿನ ಜೊತೆ."

"ನೀವು ನೋಡೀರೇನು, ನುಂಗೋದು?"

ನಾನು ನೋಡಿರಲಿಲ್ಲ. ಅವಳು ತನ್ನ ತರ್ಕವನ್ನು ಮುಂದಿಟ್ಟಳು. ಬೆಳಗಿನ ಮೂತ್ರ ಸಹಜವಾಗಿಯೇ ಸ್ವಲ್ಪ ಹೆಚ್ಚು ಆಮ್ಲೀಯ. ಅದನ್ನು ತಡೆಯುವುದು ರಾತ್ರಿಯ ಮಾತ್ರೆ. ಸಂಜೆಯ ಫೋಟೋ ಸರಿಯಾಗಿದ್ದು ಬೆಳಗಿನದು ಪ್ರತಿಬಾರಿಯೂ ಕೆಡುತ್ತಿದೆಯೆಂದರೆ ಒಂದೋ ರಾತ್ರಿಯ ಮಾತ್ರೆ ಹೊಟ್ಟೆಗೆ ಹೋಗುತ್ತಿಲ್ಲ, ಇಲ್ಲವೇ ಪ್ರಮಾಣ ಸಾಲುತ್ತಿಲ್ಲ. ಮೊದಲನೆಯದು ಅಲ್ಲವೆಂದು ನಾನು ಖಚಿತಪಡಿಸದಿದ್ದರೆ, ಬರುವ ವಾರದ ಭೇಟಿಗೆ ಮುಂಚೆಯೇ ಫೋಟೋಗಳನ್ನೆಲ್ಲ ಕ್ಲಿನಿಕ್ಕಿಗೆ ಕಳುಹಿಸಿ ಡೋಸ್ ಹೆಚ್ಚಿಸಲು ಅವಳೇ ರಿಕ್ವೆಸ್ಟ್ ಮಾಡುತ್ತಾಳಂತೆ. ಮಾತು ಮುಗಿಸುವಾಗ ಇನ್ನೊಂದನ್ನು ಸೇರಿಸಿದಳು.

"ತಪ್ ತಿಳ್ಕೋಬ್ಯಾಡ್ರಿ. ಸಂಜಿಮುಂದ ನೀವು ಮನ್ಯಾಗ ಇರ್ತೀರಿ, ಆವಾಗ ಕಲರ್ ಕರೆಕ್ಟ್ ಬರ್ತದ. ಮುಂಜಾನಿ ನೀವು ಇರಂಗಿಲ್ಲ. ಜಸ್ಟ್ ಹೇಳಿದೆ."

ಅವಳು ಹೇಳಿದ್ದರ ಅರ್ಥ ಎರಡು ರೀತಿಯಲ್ಲಿ ಆಗಬಹುದಿತ್ತು. ನಾನು ಇರುವಾಗ ಅವರು ಸರಿಯಾಗಿ ನಡೆದುಕೊಳ್ಳುತ್ತಾರೆ ಎಂದಿರಬಹುದು. ನಾನು ಇರುವಾಗ ಫೋಟೋದಲ್ಲಿ ಏನೋ ಸರಿಮಾಡಲಾಗುತ್ತಿದೆ ಎಂದೂ ಇರಬಹುದು. ಆ ಮಧ್ಯಾಹ್ನ ಡಬ್ಬಿಯಲ್ಲಿದ್ದ ಚಿತ್ರಾನ್ನ ಡಬ್ಬಿಯಲ್ಲಿಯೇ ಮನೆಗೆ ವಾಪಸಾಯಿತು.

ಅಂದಿನಿಂದ ನಾನು ಮನೆಯಲ್ಲಿ ಎಲ್ಲರನ್ನೂ ಗಮನಿಸತೊಡಗಿದೆ. ಗಮನಿಸಲು ತೊಡಗಿದ ಮೇಲೆ ಎಲ್ಲವೂ ಸಾಕ್ಷ್ಯವಾಗಿಯೇ ಕಾಣುತ್ತದೆ. ಮಾವನವರಿಗೆ ಆ ಮಾತ್ರೆಯ ಬಗ್ಗೆ ಅಸಮಾಧಾನವಿದ್ದುದು ನಿಜ. ನುಂಗಿದ್ದು ಮಾರನೆಯ ದಿನ ಇಡಿಯಾಗಿ ಹೊರಗೆ ಬಂದಂತಿದೆಯೆಂದು ಅವರು ಮಗನ ಬಳಿ ದೂರಿದ್ದರು. ಔಷಧಿ ಒಳಗೇ ಕರಗಿ ಹೋಗಿ ಅದರ ಮೇಣದಂಥ ಗೂಡು ಮಾತ್ರ ಬರುತ್ತದೆ, ಗಾಬರಿಯಾಗಬೇಕಿಲ್ಲ ಎಂದು ಔಷಧಿ ಅಂಗಡಿಯವರು ತಿಳಿಸಿದ್ದರೂ ಅವರ ಮುಖದ ಮೇಲೆ ಒಪ್ಪಿಗೆ ಕಂಡಿರಲಿಲ್ಲ. ಅತ್ತೆಯವರ ನಂಬಿಕೆಯೋ ಪೂರ್ತಿಯಾಗಿ ಬಾಳೆದಿಂಡಿನ ಮೇಲೆ. ಹತ್ತಿರದ ಊರಾದ ನಾರ್‌ಕ್ರಾಸ್‌ನ ಭಾರತೀಯ ದಿನಸಿ ಅಂಗಡಿಗೆ ಹೋದಾಗಲೆಲ್ಲ ಅದನ್ನು ಕೇಳಿ ತರಿಸುತ್ತಿದ್ದರು. ಕಲ್ಲು ಕರಗಿದರೆ ದಿಂಡಿನಿಂದಲೇ ಕರಗಬೇಕು, ಅಮೆರಿಕೆಯ ಮಾತ್ರೆಯಿಂದಲ್ಲ ಎಂಬಂತೆ ಪಲ್ಯ ಬಡಿಸುತ್ತಿದ್ದರು.

ಒಂದು ರಾತ್ರಿ ಊಟವಾದ ಮೇಲೆ, ಅತ್ತೆಯವರು ಮಾತ್ರೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮೆಟ್ಟಿಲು ಹತ್ತುವುದನ್ನು ಕಂಡೆ. ಹಾಲಿನ ಲೋಟ ಒಂದು ಕೈಯಲ್ಲಿ, ಮೆಟ್ಟಿಲಿನ ಹಿಡಿಕೆ ಇನ್ನೊಂದು ಕೈಯಲ್ಲಿ. ತಟ್ಟೆಯಲ್ಲಿ ಇಟ್ಟು ಒಯ್ಯಬಹುದಾದ ಮಾತ್ರೆಗೆ ಗಂಟೇಕೆ ಎಂಬ ಪ್ರಶ್ನೆ ನನ್ನಲ್ಲಿ ಮೂಡಿತು. ಮಾರನೆಯ ದಿನ ಒಗೆಯುವ ಬಟ್ಟೆಗಳಲ್ಲಿ ಆ ಸೀರೆಯ ಸೆರಗನ್ನು ಬಿಡಿಸಿ ನೋಡಿದೆ. ಏನೂ ಇರಲಿಲ್ಲ. ಏನೂ ಇಲ್ಲದಿರುವುದು ಕೂಡ ಆಗ ನನಗೆ ಸಮಾಧಾನ ತರಲಿಲ್ಲ. ಹೂವಿನ ಕುಂಡಗಳ ಮಣ್ಣನ್ನೂ ಒಮ್ಮೆ ಕೆದಕಿ ನೋಡಿ ಬಂದೆ.

ನನ್ನ ಪತಿಯವರ ಅಭಿಪ್ರಾಯ ಕೇಳಲಾಗಿ, ಅವರು ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, ತಂಗಿ ಹೇಳುವುದರಲ್ಲಿ ಲಾಜಿಕ್ ಇದೆ, ಹೆಂಡತಿ ಹೇಳುವುದರಲ್ಲೂ ಇದೆ, ಡಾಕ್ಟರನ್ನೇ ಕೇಳಿದರಾಯಿತು ಎಂದರು. ಡಾಕ್ಟರ ಮುಂದೆ ಹೋಗುವುದೇ ಈ ಫೋಟೋಗಳು ಎಂಬುದನ್ನು ನಾನು ಅವರಿಗೆ ನೆನಪಿಸಬೇಕಾಯಿತು. ಅವುಗಳಲ್ಲಿ ಬೆಳಗಿನದು ಸುಳ್ಳಾಗಿದ್ದು, ಅದನ್ನು ನಂಬಿ ಪೊಟ್ಯಾಸಿಯಂ ಹೆಚ್ಚಿಸಿದರೆ, ಅನುಭವಿಸಬೇಕಾದವರು ಮೇಲಿನ ಕೋಣೆಯಲ್ಲಿರುವ ಮುದುಕರು. ಬೆಳಗಿನದು ನಿಜವಾಗಿದ್ದರೆ ಕಲ್ಲು ಹಾಗೇ ಉಳಿಯುತ್ತದೆ. ಅಷ್ಟು ಹೇಳಿದಾಗ ಅವರು ಲ್ಯಾಪ್‌ಟಾಪ್ ಮುಚ್ಚಿದರು.

ಮಾವನವರನ್ನು ನೇರವಾಗಿ ಕೇಳುವುದು ಸುಲಭವಿರಲಿಲ್ಲ. ಸುತ್ತಿ ಬಳಸಿ, ಬೆಳಿಗ್ಗೆ ಸ್ಟ್ರಿಪ್ ಯಾವ ಬಣ್ಣ ಕಾಣುತ್ತದೆಂದು ವಿಚಾರಿಸಿದೆ.

"ಹಸರ ಕಾಣ್ತದವಾ," ಎಂದರು. "ನಾ ಹೇಳಿದ್ರ ಯಾರ್ ಕೇಳ್ತೀರಿ? ನಿಮಗ ಫೋಟೋ ಬೇಕು."

ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಆದ್ದರಿಂದ ಅವರ ಹಸಿರನ್ನು ಹಸಿರೆಂದು ಒಪ್ಪಲು ಯಾರೂ ಸಿದ್ಧರಿರಲಿಲ್ಲ. ಆಪರೇಷನ್ ಆದ ಮೇಲೆ ಬಣ್ಣ ಮೊದಲಿಗಿಂತ ನಿಚ್ಚಳವಾಗಿ ಕಾಣುತ್ತದೆಂದು ಅವರೇ ಹೇಳಿದ್ದನ್ನು ನಾವೆಲ್ಲರೂ ಅನುಕೂಲಕರವಾಗಿ ಮರೆತಿದ್ದೆವು.

ಶನಿವಾರ ಬೆಳಿಗ್ಗೆ ನಾನು ಮನೆಯಲ್ಲಿಯೇ ಇದ್ದುದರಿಂದ, ಫೋಟೋವನ್ನು ನಾನೇ ತೆಗೆಯುತ್ತೇನೆಂದು ತಿಳಿಸಿದೆ. ಮಾವನವರು ಸ್ಟ್ರಿಪ್ ಅದ್ದಿ ಸಿಂಕಿನ ಕಟ್ಟೆಯ ಟಿಶ್ಯೂ ಮೇಲೆ ಇಟ್ಟು ಪಕ್ಕಕ್ಕೆ ಸರಿದರು. ಅತ್ತೆಯವರು ಸ್ಟೂಲಿನ ಹಿಂದೆ, ಕಿಟಕಿಯ ಕಟ್ಟೆಯ ಡಬ್ಬಿಗೆ ಬೆನ್ನು ಮಾಡದೆ, ಕಾವಲಿನವರಂತೆ ನಿಂತರು. ನಾನು ಹೊಸ್ತಿಲಿನಲ್ಲಿ ನಿಂತು ಫೋಟೋ ತೆಗೆದೆ. ಎದುರಿಗೆ ಕಣ್ಣಾರೆ ನೋಡಿದಾಗ ಸ್ಟ್ರಿಪ್‌ನ ತುದಿಯಲ್ಲಿ ಹಸಿರಿನ ಛಾಯೆ ಇದ್ದಂತಿತ್ತು. ಫೋಟೋದಲ್ಲಿ ಎಂದಿನಂತೆ ಹಳದಿ.

ಹಳದಿಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದವಳ ಕಣ್ಣು, ಹೇಗೋ, ಅದರ ಕೆಳಗಿನ ಟಿಶ್ಯೂ ಮೇಲೆ ಬಿತ್ತು. ಅದು ಬಿಳಿಯಾಗಿರಲಿಲ್ಲ. ಬೆಣ್ಣೆ ಸವರಿದಂತೆ ಹಳದಿಯಾಗಿತ್ತು. ಅದೇ ಫೋಟೋದ ಇನ್ನೊಂದು ಬದಿಗೆ ಜರುಗಿಸಿ, ಬಾಟಲಿಯ ಕೆಳಗಿನ ಟಿಶ್ಯೂ ನೋಡಿದೆ. ಅದು ನೀಲಿ ಹಾಕಿ ಒಗೆದ ಪಂಚೆಯಂತಿತ್ತು. ಒಂದೇ ಸುರುಳಿಯಿಂದ, ಅತ್ತೆಯವರ ಒಂದೇ ಕೈಯಿಂದ, ಒಂದರ ಹಿಂದೆ ಒಂದು ಹರಿದ ಎರಡು ಚೂರುಗಳು.

ತಲೆಯೆತ್ತಿ ನೋಡಿದೆ. ಆ ಬಚ್ಚಲಮನೆಗೆ ಕಿಟಕಿ ಇರಲಿಲ್ಲ; ಕನ್ನಡಿಯ ಮೇಲೆ ಹಳದಿ ಬೆಳಕಿನ ಬಲ್ಬುಗಳ ಸಾಲಿತ್ತು. ಸ್ಟ್ರಿಪ್ ಬಿದ್ದಿದ್ದುದು ಅದರ ಕೆಳಗೆ. ಬಾಟಲಿ ನಿಂತಿದ್ದುದು ಕೋಣೆಯ ದೊಡ್ಡ ಕಿಟಕಿಯ ಹಗಲು ಬೆಳಕಿನಲ್ಲಿ. ಫೋಟೋ ಒಂದೇ, ಬೆಳಕು ಎರಡು. ಬಲ್ಬು ಸ್ಟ್ರಿಪ್‌ನ ಹಸಿರನ್ನು ಹಳದಿಗೆ ಎಳೆಯುತ್ತಿತ್ತು. ಹೋಲಿಸಬೇಕಾದ ಚಾರ್ಟಿಗೆ ಆ ಹಳದಿ ತಾಗುತ್ತಲೇ ಇರಲಿಲ್ಲ. ಫೋನು ತನ್ನಷ್ಟಕ್ಕೆ ಬಣ್ಣ ಸರಿಪಡಿಸಿದರೂ ಇಡೀ ಚಿತ್ರಕ್ಕೆ ಒಂದೇ ತಿದ್ದುಪಡಿ ಮಾಡುತ್ತದೆಯೇ ಹೊರತು, ಹೊಸ್ತಿಲಿನ ಈಚೆಗೊಂದು ಆಚೆಗೊಂದು ಮಾಡಲಾರದು. ಸಂಜೆಯಾದ ಮೇಲೆ ಕಿಟಕಿ ಕತ್ತಲಾಗಿ, ಕೋಣೆಯಲ್ಲಿಯೂ ಅದೇ ಬಗೆಯ ಹಳದಿ ಬಲ್ಬು ಉರಿಯುತ್ತಿದ್ದುದರಿಂದ ಎರಡೂ ಒಂದೇ ಬೆಳಕಿಗೆ ಬರುತ್ತಿದ್ದವು, ಹೋಲಿಕೆ ಹೊಂದುತ್ತಿತ್ತು. ಸಂಜೆ ನಾನು ಮನೆಯಲ್ಲಿರುವುದಕ್ಕೂ ಬಣ್ಣಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಇಷ್ಟು ಅರ್ಥವಾದರೂ ಪುರಾವೆ ಬೇಕಿತ್ತು. ಅದೇ ಲೋಟದಲ್ಲಿ ಇನ್ನೆರಡು ಸ್ಟ್ರಿಪ್‌ಗಳನ್ನು ಒಟ್ಟಿಗೆ ಅದ್ದಿ, ಒಂದನ್ನು ಒಳಗೇ ಬಿಟ್ಟು, ಮತ್ತೊಂದನ್ನು ಹೊರಗೆ ಬಾಟಲಿಯ ಪಕ್ಕದಲ್ಲಿಯೇ ಇಟ್ಟು ನೋಡಬೇಕೆಂದು ವಿನಂತಿಸಿಕೊಂಡೆ.

"ಹೊರಗ ಯಾಕ ಬರಬೇಕದು?" ಎಂದರು ಅತ್ತೆ.

"ಅತ್ತೆ, ಇದೊಂದ್ಸಲ. ಬೆಳಕು ನೋಡ್ಬೇಕು."

"ಬೆಳಕು ನೋಡಾಕ ಅದಽ ಬೇಕೇನು?"

ಮಾವನವರು ಲೋಟವನ್ನು ಹಿಡಿದುಕೊಂಡೇ ಇದ್ದರು. ಅವರ ಧ್ವನಿ ಏರಲಿಲ್ಲ.

"ನೀ ಒಂದೀಟ ಸರಿ. ಮೂರು ವಾರದಿಂದ ನನ್ನ ಕಳ್ಳನ್ನ ಮಾಡ್ಯಾರ ಮನಿ ಮಂದಿ. ಇವತ್ತ ನಾ ಹೊಸ್ತಿಲಾ ದಾಟವನಽ."

ಅವರಿಗೆ ಎಲ್ಲವೂ ಗೊತ್ತಿತ್ತು ಎಂಬುದು ನನಗೆ ತಿಳಿದದ್ದು ಆಗಲೇ. ಅತ್ತೆಯವರು ಜಪಮಾಲೆಯ ಡಬ್ಬಿಯನ್ನು ಎತ್ತಿಕೊಂಡು ಮಂಚದ ಆಚೆ ಬದಿಗೆ ಹೋಗಿ ನಿಂತರು. ಮಾವನವರು ಎರಡನ್ನೂ ಒಟ್ಟಿಗೆ ಅದ್ದಿ, ಒಂದನ್ನು ಒಳಗಿನ ಟಿಶ್ಯೂ ಮೇಲಿಟ್ಟು, ಮತ್ತೊಂದನ್ನು ಬೇರೊಂದು ಟಿಶ್ಯೂ ಮೇಲೆ ಹೊತ್ತು ತಂದು ಚಾರ್ಟಿಗೆ ತಾಗುವಷ್ಟು ಹತ್ತಿರ ಇಟ್ಟರು. ನಾನು ಹೊರಗಿನದರ ಫೋಟೋ ತೆಗೆದೆ, ಕೂಡಲೇ ಎರಡೂ ಕಾಣುವಂತೆ ಮತ್ತೊಂದು. ಹೊರಗಿನ ಸ್ಟ್ರಿಪ್ ಆರೂವರೆಯ ಚೌಕದ ಪಕ್ಕದಲ್ಲಿ ಅದರ ಒಡಹುಟ್ಟಿನಂತೆ ಕುಳಿತಿತ್ತು. ಅದೇ ಲೋಟದ, ಅದೇ ಕ್ಷಣದ ಒಳಗಿನ ಸ್ಟ್ರಿಪ್ ಎರಡನೆಯ ಫೋಟೋದಲ್ಲಿ ಹಳದಿಯಾಗಿಯೇ ಇತ್ತು.

ಎರಡನ್ನೂ ಗುಂಪಿಗೆ ಹಾಕಿ, ಸಂಗತಿಯನ್ನು ವಿವರವಾಗಿ ಬರೆದೆ. ಉತ್ತರ ಬರೆಯುವ ಬದಲು ನಾದಿನಿ ವಿಡಿಯೋ ಕರೆ ಮಾಡಿದಳು. ಅವಳ ಕೈಯಲ್ಲಿ ಕಾಫಿ ಇತ್ತು, ಮುಖದಲ್ಲಿ ಒಪ್ಪಿಗೆ ಇರಲಿಲ್ಲ.

"ವೈನಿ, ಕೇಳ್ತೇನಿ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ. ಹೊರಗಿನ ಸ್ಟ್ರಿಪ್ ಅಡಗಿ ಸೋಡಾ ನೀರಾಗ ಅದ್ದಿದ್ದಲ್ಲ ಅಂತ ನನಗ ಹೆಂಗ್ ಗೊತ್ತಾಗ್ಬೇಕು?"

ಆ ಪ್ರಶ್ನೆ ನನಗೆ ನೋವು ಕೊಟ್ಟಿತಾದರೂ, ಕುಂಡದ ಮಣ್ಣು ಕೆದಕಿದವಳು ನಾನೇ ಆಗಿದ್ದುದರಿಂದ, ಅದು ಅಸಂಗತವೆಂದು ಹೇಳುವಂತಿರಲಿಲ್ಲ.

"ಸ್ಟ್ರಿಪ್ ಬಿಟ್ಬಿಡು," ಎಂದೆ. "ಟಿಶ್ಯೂ ನೋಡು. ಹಳೇ ಫೋಟೋಗಳಲ್ಲೂ ನೋಡು. ಟಿಶ್ಯೂನ ಯಾರೂ ಯಾವುದ್ರಲ್ಲೂ ಅದ್ದಿಲ್ಲ."

ಅವಳು ಕಾಫಿ ಕೆಳಗಿಟ್ಟಳು. ಹಳೆಯ ಫೋಟೋಗಳನ್ನು ಒಂದೊಂದಾಗಿ ಹಿಂದಕ್ಕೆ ಜರುಗಿಸುತ್ತಿರುವುದು ಅವಳ ಕಣ್ಣಿನ ಚಲನೆಯಿಂದ ತಿಳಿಯುತ್ತಿತ್ತು. ಪ್ರತಿ ಬೆಳಗಿನ ಫೋಟೋದಲ್ಲಿಯೂ ಒಂದು ಹಳದಿ ಟಿಶ್ಯೂ, ಒಂದು ನೀಲಿ ಟಿಶ್ಯೂ. ಪ್ರತಿ ಸಂಜೆಯ ಫೋಟೋದಲ್ಲಿಯೂ ಎರಡೂ ಒಂದೇ. ಅತ್ತೆಯವರ ಮಡಿಯಿಂದಾಗಿ ಬಾಟಲಿಯ ಕೆಳಗೆ ಆ ಎರಡನೆಯ ಚೂರು ಬೀಳದೇ ಇದ್ದಿದ್ದರೆ, ಹಿಂದಿನ ಫೋಟೋಗಳ ಬೆಳಕನ್ನು ಅಳೆಯಲು ನಮಗೆ ಬಾಟಲಿಯ ಅಂಚಿನ ಬಿಳಿಯಷ್ಟೇ ಉಳಿಯುತ್ತಿತ್ತು, ಅದನ್ನು ಯಾರೂ ನಂಬುತ್ತಿರಲಿಲ್ಲ. ಹೊಸ್ತಿಲಿನ ತೊಡಕನ್ನು ತಂದಿಟ್ಟದ್ದೂ ಅದೇ ಮಡಿ ಎಂಬುದನ್ನು ಇಲ್ಲಿ ದಾಖಲಿಸದಿರುವುದು ಸರಿಯಾಗಲಾರದು.

"ಕ್ಲಿನಿಕ್ಕಿಗೆ ಫೋಟೋ ಕಳಸಂಗಿಲ್ಲ ಹಂಗಾರ," ಎಂದಳು ನಾದಿನಿ. "ಆದ್ರ ಅಲ್ಲಿ ಅವರು ತಮ್ಮ ಮಶೀನಿನಾಗ ಚೆಕ್ ಮಾಡೂ ತನಕಾ ನಾ ಏನೂ ನಂಬಂಗಿಲ್ಲ. ಮತ್ತ ರಾತ್ರಿ ಮಾತ್ರಿ ಮುಟ್ಟೇದೋ ಇಲ್ಲೋ, ಅದೂ ಗೊತ್ತಾಗಿಲ್ಲ."

ಮಂಚದ ಆಚೆಯಿಂದ ಅತ್ತೆಯವರು ಮಾತಾಡಿದರು.

"ಮುಟ್ತದ. ಹಾಲು ಕುಡದ ಮ್ಯಾಲೆ ದಿನಾ ಬಾಯಿ ತೆಗಸಿ ನೋಡ್ತೇನಿ, ನಾಲಿಗಿ ಕೆಳಗ ಸುದ್ದಾ. ಇವರನ್ನ ನಂಬಿ ಕೂತವರು ಯಾರು?"

ಮಾವನವರು ಕಿಟಕಿಯಿಂದ ಹೊರಗೆ ನೋಡತೊಡಗಿದರು. ಸೆರಗಿನ ಗಂಟಿನ ಬಗ್ಗೆ ನಂತರ ತಿಳಿದುಬಂದಂತೆ, ತಟ್ಟೆಯಲ್ಲಿ ಒಯ್ದರೆ ಮೆಟ್ಟಿಲಿನಲ್ಲಿ ಉರುಳಿ ಹೋಗುತ್ತದೆ, ಮಾವನವರ ಕೈಗೆ ಮುಂಚಿತವಾಗಿ ಕೊಟ್ಟರೆ ಎಲ್ಲಿ ಹೋಗುತ್ತದೆಂದು ಹೇಳಲಾಗದು, ಆದ್ದರಿಂದ ಗಂಟು.

ಆ ದಿನದಿಂದ ವ್ಯವಸ್ಥೆ ಬದಲಾಯಿತು. ಕೆಳಗಿನ ಅಂತಸ್ತಿನ ಸಣ್ಣ ಬಚ್ಚಲಿಗೆ ಒಂದು ಕಿಟಕಿ ಇತ್ತು. ಹೊಸ್ತಿಲಿನ ಬಳಿ ಮೈಲಿಗೆಯಾದ ಬಾಟಲಿಯನ್ನು ಅತ್ತೆಯವರು ಅಲ್ಲಿಗೆ ವರ್ಗಾಯಿಸಿದರು; ಮತ್ತೆ ಹೊರಗೆ ಬರಕೂಡದೆಂಬ ಷರತ್ತಿನ ಮೇಲೆ. ಕಿಟಕಿಯ ಕೆಳಗೆ ಒಂದೇ ಟಿಶ್ಯೂ, ಅದರ ಮೇಲೆ ಸ್ಟ್ರಿಪ್ ಮತ್ತು ಬಾಟಲಿ ಅಕ್ಕಪಕ್ಕದಲ್ಲಿ, ಹಗಲಾದರೆ ಬಲ್ಬು ಆರಿಸಿ. ಬೆಳಗಿನ ಫೋಟೋಗಳು ಆರು, ಆರೂವರೆಯ ನಡುವೆ ಬಂದು ನಿಂತವು. ನಾದಿನಿ ಪ್ರತಿಯೊಂದನ್ನೂ ನೋಡಿದ ಗುರುತು ಬೀಳುತ್ತಿತ್ತು.

ಮುಂದಿನ ವಾರ ಕ್ಲಿನಿಕ್ಕಿನಲ್ಲಿ ಮಾವನವರ ಮೂತ್ರವನ್ನು ಅವರ ಯಂತ್ರದಲ್ಲಿಯೇ ಪರೀಕ್ಷಿಸಿದರು. ಆರೂವರೆ ಬಂತು. ಡಾಕ್ಟರು ಮಾತ್ರೆಯ ಪ್ರಮಾಣವನ್ನು ಹಾಗೆಯೇ ಮುಂದುವರಿಸಿದರು. ಕಲ್ಲು ಎಷ್ಟು ಕರಗಿದೆಯೆಂದು ಸ್ಕ್ಯಾನ್ ಮಾಡಿ ನೋಡಲು ಇನ್ನೂ ಕೆಲವು ವಾರ ಕಾಯಬೇಕೆಂದರು. ರಕ್ತದಲ್ಲಿನ ಪೊಟ್ಯಾಸಿಯಂ ಮಿತಿಯ ಮೇಲಂಚಿನಲ್ಲಿದೆ, ಈಗ ಹೆಚ್ಚಿಸುವ ಪ್ರಶ್ನೆಯೇ ಇಲ್ಲ ಎಂದೂ ತಿಳಿಸಿದರು. ಈ ಕೊನೆಯ ವಾಕ್ಯವನ್ನು ನಾನು ಕಾರಿಗೆ ಬಂದ ಮೇಲೆ ಗುಂಪಿನಲ್ಲಿ ಬರೆದು ಹಾಕಿದೆ. ನಾದಿನಿಯಿಂದ ಉತ್ತರ ಬಂತು: "ಥ್ಯಾಂಕ್ಸ್ ವೈನಿ." ಸ್ವಲ್ಪ ಹೊತ್ತಿಗೆ ಮತ್ತೊಂದು: "ರಿಪೋರ್ಟಿಂದೂ ಒಂದು ಫೋಟೋ ಹಾಕ್ರಿ."

ಹಾಕಿದೆ. ಕಾರಿನೊಳಗಿನ ದೀಪ ಆರಿಸಿ, ಕಿಟಕಿಯ ಬೆಳಕಿನಲ್ಲಿ.

ಹಿಂದಿನ ಸೀಟಿನಲ್ಲಿ ಮಾವನವರು ನಿದ್ದೆಗೆ ಜಾರುತ್ತಿದ್ದರು. ಅತ್ತೆಯವರು ಮುಂದಕ್ಕೆ ಬಾಗಿ ನನ್ನ ಭುಜ ಮುಟ್ಟಿದರು.

"ಆ ಮಶೀನಿನ ಒಳಗೂ ಬಲ್ಬ್ ಇರ್ತದೇನು?"

"ಇರತ್ತೆ ಅತ್ತೆ. ಅದರದ್ದೇ ಬೆಳಕಲ್ಲಿ ಅದು ಓದತ್ತೆ."

"ಯಾವ ಬಣ್ಣದ್ದು?" ಎಂದರು ಅತ್ತೆ.

ರಿಪೋರ್ಟನ್ನು ಮತ್ತೆ ತೆರೆದು ನೋಡಿದೆ; ಅದರಲ್ಲಿ ನಮೂದಾಗಿರಲಿಲ್ಲ.